ಕೆಂಪು ಕೊಡೆ ನೀಲಿ ಮಾಡಿದರೆ ಮಗುವಿನ ಮುಖವೂ ನೀಲಿಯಾಗುತ್ತಿದೆ (ಗಿಂಪ್ 2.10)

ತೀರ್ಥಹಳ್ಳಿ_ಚಿಕ್ಕಮ್ಮ
ಜುಲೈನಲ್ಲಿ ಆಗುಂಬೆಯಲ್ಲಿ ಅಕ್ಕನ ಮಗಳ ಫೋಟೊ ತೆಗೆದೆ. ಮಳೆ, ಹಿಂದೆ ಮಂಜು, ಕಾಡು, ತಲೆ ಮೇಲೆ ಕೆಂಪು ಕೊಡೆ. ಅವಳ ತಮ್ಮನ ಫೋಟೊದಲ್ಲಿ ನೀಲಿ ಕೊಡೆ ಇದೆ. ಅಮ್ಮನಿಗೆ ಎರಡನ್ನೂ ಒಂದೇ ಫ್ರೇಮಿನಲ್ಲಿ ಹಾಕಿಕೊಡಬೇಕು, ಅದಕ್ಕೆ ಇದನ್ನೂ ನೀಲಿ ಮಾಡೋಣ ಅಂದುಕೊಂಡೆ. `Colors > Hue-Saturation` ತೆರೆದು `R` ಆರಿಸಿ `Hue` ಅನ್ನು -140 ಮಾಡಿದೆ. ಕೊಡೆ ಚೆನ್ನಾಗಿ ಬಂತು, ಆದರೆ ಮುಖ, ಕೈ ಎಲ್ಲ ನೀಲಿ. ಹಿಂದಿನ ಮರಗಳು ಮಾತ್ರ ಹಾಗೇ ಇವೆ.

ಅಡಿಕೆತೋಟ
`R` ಬೇಡ. `Select by Color` ತಗೊಂಡು `Select by` ಕಡೆ `HSV Hue` ಇಟ್ಟು ಕೊಡೆ ಮೇಲೆ ಕ್ಲಿಕ್ ಮಾಡಿ. ಕೊಡೆ ಮಾತ್ರ ಸೆಲೆಕ್ಟ್ ಆಗುತ್ತದೆ. ನಾನು ಕೆಂಪು ಟ್ರ್ಯಾಕ್ಟರ್‌ಗೆ ಹೀಗೇ ಬಣ್ಣ ಬದಲಾಯಿಸಿದ್ದೆ.

ತೀರ್ಥಹಳ್ಳಿ_ಚಿಕ್ಕಮ್ಮ
ಮಾಡಿದೆ. `Threshold` ಕಡಿಮೆ ಇಟ್ಟರೆ ಕೊಡೆಯಲ್ಲಿ ತೂತು ತೂತು ಉಳಿಯುತ್ತದೆ. ಜಾಸ್ತಿ ಮಾಡಿದರೆ ಹಣೆಯೂ ಸೇರುತ್ತದೆ.

ಹಳೇ_ಸ್ಟುಡಿಯೊ_ಶಿವಮೊಗ್ಗ
ಮೇಡಂ, ಕಲರ್ ಪಿಕರ್‌ನಲ್ಲಿ ಕೊಡೆ, ಹಣೆ, ಮೊಣಕೈ ಮೂರೂ ಕಡೆ ಹ್ಯೂ ಎಷ್ಟಿದೆ ನೋಡಿ ಹೇಳಿ.

ತೀರ್ಥಹಳ್ಳಿ_ಚಿಕ್ಕಮ್ಮ
ಕೊಡೆ 356, ಹಣೆ 8, ಮೊಣಕೈ 22.

ಹಳೇ_ಸ್ಟುಡಿಯೊ_ಶಿವಮೊಗ್ಗ
ಅಲ್ಲೇ ಇದೆ ಕಾರಣ. ಬಣ್ಣದ ಚಕ್ರದಲ್ಲಿ 360 ಅಂದರೆ ಮತ್ತೆ 0. ಹಾಗಾಗಿ ಕೊಡೆಗೂ ಹಣೆಗೂ ಇರುವ ಅಂತರ ಬರೀ 12 ಡಿಗ್ರಿ. ಗಿಂಪ್‌ನ `R` 0ಯ ಎರಡೂ ಕಡೆ 30 ಡಿಗ್ರಿ ಹರಡಿಕೊಂಡಿದೆ, ಅದರೊಳಗೆ ಮೂರೂ ಬಂದವು. ಟ್ರ್ಯಾಕ್ಟರ್ ಚಿತ್ರದಲ್ಲಿ ಪಕ್ಕದಲ್ಲಿ ಮುಖ ಇರಲಿಲ್ಲ, ಅದಕ್ಕೆ ಅಲ್ಲಿ ಸುಲಭವಾಯಿತು.

ಹಾಗಂತ `R` ಬಿಡಬೇಡಿ. ಹಸಿರು ಕಾಡನ್ನು ಅದೇ ಕಾಯುತ್ತಿದೆ. ಮಂಜು ಬೂದು, ಕೂದಲು ಕಪ್ಪು. ಅವುಗಳಲ್ಲಿ ಬಣ್ಣವೇ ಇಲ್ಲದಷ್ಟು ಕಡಿಮೆ, ಹ್ಯೂ ತಿರುಗಿಸಿದರೂ ಏನೂ ಆಗದು. ಅಂದರೆ ಕೊಡೆಯ ಅಂಚನ್ನು ಕೂದಲೆಳೆಯಷ್ಟು ನಾಜೂಕಾಗಿ ಕತ್ತರಿಸುವ ಕೆಲಸವೇ ಇಲ್ಲ. ಮಾಸ್ಕ್ ಬೇಕಾಗಿರುವುದು ಚರ್ಮಕ್ಕೆ ಮಾತ್ರ.

ಲೇಯರ್ ನಕಲು ಮಾಡಿ, ಮೇಲಿನದರಲ್ಲಿ ನಿಮ್ಮ -140 ಹಾಕಿ. ಅದಕ್ಕೆ ಬಿಳಿ ಲೇಯರ್ ಮಾಸ್ಕ್ ಸೇರಿಸಿ ಮುಖ, ಕತ್ತು, ಕೈಕಾಲುಗಳ ಮೇಲೆ ಕಪ್ಪು ಬಳಿಯಿರಿ. ಕಷ್ಟ ಇರುವುದು ಎರಡೇ ಕಡೆ: ಹಣೆ ಕೊಡೆಗೆ ತಾಗುವಲ್ಲಿ, ಬೆರಳು ಹಿಡಿಯನ್ನು ಸುತ್ತಿರುವಲ್ಲಿ. ಅಲ್ಲಿ ಚಿತ್ರವನ್ನು ದೊಡ್ಡದು ಮಾಡಿಕೊಂಡು ಸಣ್ಣ, ಸ್ವಲ್ಪ ಗಟ್ಟಿ ಅಂಚಿನ ಬ್ರಷ್ ಬಳಸಿ.

ಕ್ಯಾಮೆರಾ_ಸಾಗರ
ನನ್ನ ಹತ್ತಿರವೂ ಇಂಥದೇ ಚಿತ್ರ ಇದೆ. ಕೊಡೆ ಮಾತ್ರ ಕೆಂಪಾಗಿ ಉಳಿಸಿ ಮಿಕ್ಕಿದ್ದು ಕಪ್ಪು ಬಿಳುಪು ಮಾಡಿ. ತುಂಬಾ ಚೆಂದ ಕಾಣುತ್ತದೆ.

ತೀರ್ಥಹಳ್ಳಿ_ಚಿಕ್ಕಮ್ಮ
ಅದು ಬೇರೆ ಚಿತ್ರಕ್ಕೆ ಆಗಬಹುದು, ನನಗೆ ನೀಲಿಯೇ ಬೇಕು.

ಸರ್, ಮುಖ ಸರಿಯಾಯಿತು. ಎರಡು ತೊಂದರೆ ಉಳಿದಿದೆ. ಕೊಡೆಯ ಮಡಿಕೆಗಳ ಒಳಗೆ ಗುಲಾಬಿ ಬಣ್ಣದ ಕಲೆಗಳಿವೆ. ಮತ್ತೆ ಕೊಡೆ ಮೊದಲಿಗಿಂತ ಕಪ್ಪಾಗಿ ಕಾಣುತ್ತಿದೆ, ಯಾಕೆ?

ಹಳೇ_ಸ್ಟುಡಿಯೊ_ಶಿವಮೊಗ್ಗ
ಮಡಿಕೆಯ ನೆರಳಿನಲ್ಲಿ ಕೆಂಪು ನೇರಳೆ ಕಡೆ ವಾಲುತ್ತದೆ. ಹ್ಯೂ 330ಕ್ಕಿಂತ ಕೆಳಗೆ ಹೋದ ಜಾಗ `M`ಗೆ ಸೇರುತ್ತದೆ, ನಿಮ್ಮ `R` ಅಲ್ಲಿಗೆ ಮುಟ್ಟಿಲ್ಲ. ನಕಲನ್ನು ಮತ್ತೆ ಮಾಡಿಕೊಂಡು `M`ಗೂ -140 ಕೊಡಿ, `Overlap` ಸ್ವಲ್ಪ ಏರಿಸಿ. ಹಳೇ ಮಾಸ್ಕನ್ನು ಬಿಸಾಡಬೇಡಿ, ಹೊಸ ಲೇಯರಿಗೆ ನಕಲು ಮಾಡಿ.

ಇನ್ನು ಕಪ್ಪು. ಒಂದೇ `Lightness` ಇದ್ದರೂ ನಮ್ಮ ಕಣ್ಣಿಗೆ ನೀಲಿ ಕೆಂಪಿಗಿಂತ ಮಬ್ಬು. ಗಿಂಪ್ ಅದನ್ನು ಲೆಕ್ಕಕ್ಕೆ ತಗೊಳ್ಳುವುದಿಲ್ಲ. `R`ನಲ್ಲಿ `Lightness` 10ರಿಂದ 15 ಏರಿಸಿ, ತಮ್ಮನ ಕೊಡೆಯ ಪಕ್ಕ ಇಟ್ಟು ನೋಡಿ. `Saturation` ಏರಿಸಬೇಡಿ.

ತೀರ್ಥಹಳ್ಳಿ_ಚಿಕ್ಕಮ್ಮ
ಕೊಡೆ ಈಗ ನಿಜವಾದ ನೀಲಿ ಕೊಡೆ ಥರಾನೇ ಇದೆ. ಆದರೆ ಮುಖ ನೋಡಿದರೆ ಏನೋ ಸುಳ್ಳು ಅನ್ನಿಸುತ್ತಿದೆ. ಚರ್ಮ ಚೂರೂ ಬದಲಾಗಿಲ್ಲ, ಆದರೂ!

ಹಳೇ_ಸ್ಟುಡಿಯೊ_ಶಿವಮೊಗ್ಗ
ಬದಲಾಗದೇ ಇರುವುದೇ ಈಗ ತೊಂದರೆ. ಬಟ್ಟೆಯೊಳಗಿಂದ ಇಳಿದ ಬೆಳಕು ಹಣೆ, ಕೆನ್ನೆಗೆ ಕೆಂಪು ಬಳಿದಿದೆ. ಹಣೆ 8, ಮೊಣಕೈ 22 ಬಂದದ್ದು ಅದರಿಂದಲೇ. ನೀಲಿ ಕೊಡೆಯ ಕೆಳಗೆ ಕೆಂಪು ಬೆಳಕು ಎಲ್ಲಿಂದ ಬರಬೇಕು?

ಮೂಲ ಲೇಯರನ್ನು ಇನ್ನೊಮ್ಮೆ ನಕಲು ಮಾಡಿ ಎಲ್ಲದರ ಮೇಲೆ ಇಡಿ. `R`ನಲ್ಲಿ `Hue` +10, `Saturation` -20. ಕಪ್ಪು ಮಾಸ್ಕ್ ಹಾಕಿ, ಮೆತ್ತನೆ ಬ್ರಷ್‌ನಲ್ಲಿ `Opacity` 20 ಇಟ್ಟು ಹಣೆ, ಕೆನ್ನೆ ಮೇಲೆ ಬಿಳಿಯನ್ನು ಮೆಲ್ಲಗೆ ಸವರಿ. ತುಟಿ ಬಿಡಿ, ಅದರ ಕೆಂಪು ಅದರದ್ದೇ. ಹಣೆ ಮೊಣಕೈಯ ಬಣ್ಣದ ಹತ್ತಿರ ಬಂದಾಗ ನಿಲ್ಲಿಸಿ.

ಅಡಿಕೆತೋಟ
ಹಾಗಾದರೆ ಕೆನ್ನೆಗೆ ಸ್ವಲ್ಪ ನೀಲಿ ಬೆಳಕನ್ನೂ ಸೇರಿಸಬೇಕಲ್ವಾ? ತಮ್ಮನ ಫೋಟೊದಲ್ಲಿ ಬಿದ್ದೇ ಇರುತ್ತದೆ.

ಹಳೇ_ಸ್ಟುಡಿಯೊ_ಶಿವಮೊಗ್ಗ
ಬೆಳಕಿನ ಲೆಕ್ಕಕ್ಕೆ ನೀವು ಹೇಳಿದ್ದು ಸರಿ. ನಾನು ಮಾತ್ರ ಸೇರಿಸುವುದಿಲ್ಲ. ಮಗುವಿನ ಮುಖಕ್ಕೆ ನೀಲಿ ಬಂದರೆ ಚಳಿ ಹಿಡಿದ ಹಾಗೆ ಕಾಣುತ್ತದೆ.

ತೀರ್ಥಹಳ್ಳಿ_ಚಿಕ್ಕಮ್ಮ
ಹಣೆ ಈಗ 18 ತೋರಿಸುತ್ತಿದೆ, ಸುಳ್ಳು ಅನ್ನಿಸುವುದು ಹೋಯಿತು. ತಮ್ಮನ ಕೆನ್ನೆಯಲ್ಲಿ ಹುಡುಕಿ ನೋಡಿದೆ, ದವಡೆಯ ಹತ್ತಿರ ತೆಳುವಾಗಿ ನೀಲಿ ಇದೆ. ಎರಡು ಥರಾನೂ ಪ್ರಿಂಟ್ ಹಾಕಿಸಿ ಅಮ್ಮನಿಗೆ ತೋರಿಸುತ್ತೇನೆ.