ಬಿಟ್ಟು ಹೋದವರು ವಾಪಸ್ ಬಂದಾಗ ಹಳೆಯ ಸರ್ವೀಸ್ ಏನು ಮಾಡೋದು?

ಪ್ರಶ್ನೆ: ನಮ್ಮದು ಅರವತ್ತು ಜನರ ಕಂಪನಿ. ಒಬ್ಬ ಮೇಡಂ 2020ರ ಮಾರ್ಚ್ 1ಕ್ಕೆ ಸೇರಿ 2024ರ ಸೆಪ್ಟೆಂಬರ್ 30ಕ್ಕೆ ಬಿಟ್ಟು ಹೋಗಿದ್ದರು. 2025ರ ಡಿಸೆಂಬರ್ 1ರಿಂದ ಮತ್ತೆ ಸೇರುತ್ತಾರೆ. ಸ್ವಾಗತದ ಮೇಲ್‌ನಲ್ಲಿ "ನೀವು ಬಿಟ್ಟು ಹೋಗೇ ಇಲ್ಲ ಅನ್ನುವ ಹಾಗೆ ಎಲ್ಲವೂ ಮೊದಲಿನಂತೆಯೇ ಇರುತ್ತದೆ" ಅಂತ ಬರೆಯಲು ನಮ್ಮ ಎಂಡಿ ಹೇಳಿದ್ದಾರೆ. ಕಳಿಸಬಹುದಾ? ಹಳೆಯ ಸರ್ವೀಸ್ ಲೆಕ್ಕಕ್ಕೆ ಹಿಡಿಯಬೇಕಾ?

ಎಚ್‌ಆರ್‌ನಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವರು: ಆ ಒಂದು ಸಾಲು ಮಾತ್ರ ಬೇಡ. ಬರೆದವರಿಗೆ ಅದು ಪ್ರೀತಿಯ ಮಾತು, ಓದಿದವರಿಗೆ ಅದು ಷರತ್ತು. ನಾಳೆ ರಜೆಯ ಬಗ್ಗೆಯೋ ನೋಟಿಸ್ ಅವಧಿಯ ಬಗ್ಗೆಯೋ ತಕರಾರು ಬಂದರೆ, ಅವರು ತೆಗೆದು ತೋರಿಸುವುದು ಆ ಮೇಲ್ ಅನ್ನೇ. ಆಫರ್ ಲೆಟರ್‌ನಲ್ಲಿ ಬೇರೆ ಇದ್ದರೆ ನಿಮ್ಮ ಎರಡು ಕಾಗದಗಳೇ ಒಂದಕ್ಕೊಂದು ಜಗಳ ಆಡುತ್ತವೆ.

ಹಳೆಯ ಸರ್ವೀಸ್ ಹಿಡಿಯಬೇಕಾ ಬೇಡವಾ ಅಂತ ಒಂದೇ ಮಾತಲ್ಲಿ ತೀರ್ಮಾನ ಮಾಡಬೇಡಿ. ರಜೆಗೆ ಒಂದು, ದೀರ್ಘ ಸೇವೆಯ ಗೌರವಕ್ಕೆ ಒಂದು, ಬಿಡುವಾಗ ಕೊಡುವ ಇಡಿಗಂಟಿಗೆ ಒಂದು ಅಂತ ಬೇರೆ ಬೇರೆ ನೋಡಿ. ಮೊದಲು ಒಂದು ವಿಷಯ ಹೇಳಿ: ಹೋಗುವಾಗ ಅವರಿಗೆ ಏನೇನು ಸೆಟ್ಲ್ ಮಾಡಿದ್ದೀರಿ?

ಇನ್ನೊಬ್ಬರು: ಇಷ್ಟೆಲ್ಲಾ ಯಾಕೆ ಸರ್? "ಸರ್ವೀಸ್ ಮುಂದುವರಿದಿದೆ" ಅಂತ ಒಂದು ಸಾಲು ಬರೆದು, ಸಾಫ್ಟ್‌ವೇರ್‌ನಲ್ಲಿ ಹಳೆಯ ಸೇರಿದ ದಿನಾಂಕವನ್ನೇ ಇಟ್ಟರೆ ಮುಗೀತು. ನಾವು ಹಾಗೇ ಮಾಡುತ್ತೇವೆ.

ಎಚ್‌ಆರ್ ಹಿರಿಯರು: ಹಳೆಯ ಸರ್ವೀಸ್ ಗೌರವಿಸಬೇಕು ಅನ್ನೋದು ಸರಿ. ಆದರೆ 2020ರ ಮಾರ್ಚ್ 1 ಇಟ್ಟರೆ, ಅವರು ಕೆಲಸವನ್ನೇ ಮಾಡದ ಹದಿನಾಲ್ಕು ತಿಂಗಳೂ ಸರ್ವೀಸ್ ಆಗಿಬಿಡುತ್ತದೆ. ಆಗ ನಡುವೆ ಬಿಡದೆ ದುಡಿದವರಿಗೂ ಇವರಿಗೂ ವ್ಯತ್ಯಾಸವೇ ಉಳಿಯಲ್ಲ.

ಗ್ಯಾಪ್ ಎಷ್ಟಿದೆಯೋ ಅಷ್ಟು ದಿನಾಂಕವನ್ನು ಮುಂದೆ ತಳ್ಳಬೇಕು. 2020ರ ಮಾರ್ಚ್ 1ಕ್ಕೆ ಹದಿನಾಲ್ಕು ತಿಂಗಳು ಸೇರಿಸಿದರೆ 2021ರ ಮೇ 1. ತಾಳೆ ನೋಡಲು ಹಿಂದಿನಿಂದ ಬನ್ನಿ: ಅವರ ಮೊದಲ ಸರ್ವೀಸ್ ನಾಲ್ಕು ವರ್ಷ ಏಳು ತಿಂಗಳು. 2025ರ ಡಿಸೆಂಬರ್ 1ರಿಂದ ಅಷ್ಟು ಕಳೆದರೂ ಅದೇ ಮೇ 1 ಬರುತ್ತದೆ. ಇದನ್ನು ಲೆಕ್ಕದ ಸರ್ವೀಸ್ ದಿನಾಂಕ ಅನ್ನಿ.

ಮತ್ತೊಬ್ಬರು: ನನ್ನ ತಂಗಿ ಹೆರಿಗೆ ರಜೆ ಮುಗಿಸಿ ವಾಪಸ್ ಹೋದಾಗ ದಿನಾಂಕ ಬದಲಾಯಿಸಲೇ ಇಲ್ಲ. ಇವರಿಗೆ ಯಾಕೆ ಬದಲಾಯಿಸಬೇಕು?

ಎಚ್‌ಆರ್ ಹಿರಿಯರು: ಅದು ಬೇರೆ ವಿಷಯ ಮೇಡಂ. ರಜೆಯಲ್ಲಿ ಇರುವವರು ಕೆಲಸ ಬಿಟ್ಟಿರಲ್ಲ, ಒಪ್ಪಂದ ಜೀವಂತ ಇರುತ್ತದೆ. ಇವರು ರಾಜೀನಾಮೆ ಕೊಟ್ಟು ಹೋದವರು.

ಪ್ರಶ್ನೆ ಕೇಳಿದವರು: ಹೋಗುವಾಗ ಉಳಿದ ರಜೆಯ ದುಡ್ಡು ಕೊಟ್ಟಿದ್ದೆವು. ಇಡಿಗಂಟು ಕೊಟ್ಟಿಲ್ಲ. ನಮ್ಮಲ್ಲಿ ಐದು ವರ್ಷ ತುಂಬಿದವರಿಗೆ ಮಾತ್ರ. ಹೆಚ್ಚುವರಿ ರಜೆ ಸಿಗೋದೂ ಐದು ವರ್ಷದ ಮೇಲೆ.

ಎಚ್‌ಆರ್ ಹಿರಿಯರು: ಹಾಗಾದರೆ ನಿಮ್ಮ ಎಂಡಿ ಹತ್ತಿರ ಇವತ್ತೇ ಮಾತಾಡಿ. ಕೊಟ್ಟ ರಜೆಯ ದುಡ್ಡಿನ ಲೆಕ್ಕ ಮುಗಿದಿದೆ, ಆ ದಿನಗಳು ವಾಪಸ್ ಬರಲ್ಲ. ರಜೆಯ ಬಾಕಿ ಸೊನ್ನೆಯಿಂದಲೇ ಶುರು. ಇಡಿಗಂಟು ಮಾತ್ರ ಸೂಕ್ಷ್ಮ. ಮೇ 1ರ ದಿನಾಂಕ ಎಲ್ಲದಕ್ಕೂ ಅನ್ವಯ ಅಂತ ಬರೆದರೆ, ಅವರಿಗೆ ಐದು ವರ್ಷ ತುಂಬೋದು 2026ರ ಮೇ 1ಕ್ಕೆ. ಅಂದರೆ ಮತ್ತೆ ಸೇರಿದ ಐದೇ ತಿಂಗಳಿಗೆ ಪೂರ್ತಿ ಐದು ವರ್ಷದ ಇಡಿಗಂಟಿನ ಹೊಣೆ ಕಂಪನಿ ಮೇಲೆ. ಹೊಸದಾಗಿ ಎಣಿಸಿದರೆ 2030ರ ಡಿಸೆಂಬರ್ 1. ನಾಲ್ಕೂವರೆ ವರ್ಷದ ವ್ಯತ್ಯಾಸ!

ಕೊಡಬೇಡಿ ಅಂತ ನಾನು ಹೇಳುತ್ತಿಲ್ಲ. ಗೊತ್ತಿದ್ದೇ ಕೊಡಿ. ಹೆಚ್ಚುವರಿ ರಜೆಗೆ ಮತ್ತು ದೀರ್ಘ ಸೇವೆಯ ಗೌರವಕ್ಕೆ ಹಳೆಯದನ್ನು ಮೊದಲ ದಿನದಿಂದಲೇ ಹಿಡಿಯಿರಿ. ಖರ್ಚು ಕಡಿಮೆ, ಮನಸ್ಸಿಗೆ ಹಿತ. ಇಡಿಗಂಟಿಗೆ, ವಾಪಸ್ ಬಂದು ಒಂದು ವರ್ಷ ಪೂರೈಸಿದ ಮೇಲೆ ಹಳೆಯದು ಕೂಡುತ್ತದೆ ಅಂತ ಇಡಬಹುದು. ಆಗ 2026ರ ಡಿಸೆಂಬರ್ 1ರಿಂದ ಅರ್ಹತೆ. ಕಾನೂನು ಕೊಡಲೇಬೇಕು ಅಂದಿದ್ದಕ್ಕಿಂತ ಕಡಿಮೆ ಮಾತ್ರ ಆಗಬಾರದು. ಅದನ್ನು ನಿಮ್ಮ ಲಾಯರ್ ಹತ್ತಿರ ತೋರಿಸಿಕೊಳ್ಳಿ.

ವಾಪಸ್ ಬಂದ ಅನುಭವ ಇರುವವರು: ಇದು ನನಗೇ ಆಗಿದೆ. ನಾನಿದ್ದ ಒಂದು ಕಂಪನಿಗೆ ವಾಪಸ್ ಹೋದಾಗ "ನಿನ್ನ ಕುರ್ಚಿ ಹಾಗೇ ಇದೆ" ಅಂತ ದೊಡ್ಡ ಮೇಲ್ ಬಂತು. ಮೂರನೇ ತಿಂಗಳು ರಜೆ ಕೇಳಿದರೆ ನಾನು ಹೊಸಬ, ಪ್ರೊಬೇಷನ್ ಅಂದರು. ದುಡ್ಡಿಗಿಂತ ಜಾಸ್ತಿ ನೋವಾಗಿದ್ದು ಅದು. ಮೊದಲೇ "ಪ್ರೊಬೇಷನ್ ಇದೆ" ಅಂದಿದ್ದರೆ ಒಪ್ಪಿಕೊಂಡೇ ಸೇರುತ್ತಿದ್ದೆ.

ಎಚ್‌ಆರ್ ಹಿರಿಯರು: ಅದಕ್ಕೇ ಮೇಲ್ ಬೇರೆ, ಷರತ್ತಿನ ಕಾಗದ ಬೇರೆ ಇರಲಿ, ಆದರೆ ಮೇಲ್ ಆ ಕಾಗದದ ಕಡೆ ಕೈ ತೋರಿಸಲಿ. ಸುಮ್ನೆ ಹೀಗೆ ಬರೆಯಿರಿ:

"ಮೇಡಂ, ನೀವು ಮತ್ತೆ ನಮ್ಮ ಜೊತೆ ಬರುತ್ತಿರುವುದು ಖುಷಿ. ನೀವು ಹೋದ ಮೇಲೆ ಬಿಲ್ಲಿಂಗ್ ವ್ಯವಸ್ಥೆ ಬದಲಾಗಿದೆ, ಟೀಮಿನಲ್ಲಿ ಮೂವರು ಹೊಸಬರಿದ್ದಾರೆ. ಮೊದಲ ವಾರ ಅದನ್ನೆಲ್ಲ ನೋಡಿಕೊಳ್ಳಲು ಸಮಯ ಇಟ್ಟಿದ್ದೇವೆ. ನಿಮ್ಮ ಹಿಂದಿನ ಸೇವೆಯನ್ನು ಯಾವುದಕ್ಕೆ ಹೇಗೆ ಲೆಕ್ಕ ಹಾಕುತ್ತೇವೆ ಎಂಬುದು ಜೊತೆಗಿರುವ ಪತ್ರದಲ್ಲಿದೆ. ಸಹಿ ಮಾಡುವ ಮುಂಚೆ ಅನುಮಾನ ಇದ್ದರೆ ಫೋನ್ ಮಾಡಿ."

ಬಿಲ್ಲಿಂಗ್ ಜಾಗದಲ್ಲಿ ನಿಮ್ಮಲ್ಲಿ ನಿಜವಾಗಿ ಏನು ಬದಲಾಗಿದೆಯೋ ಅದನ್ನು ಹಾಕಿ. ಪತ್ರದಲ್ಲಿ ಮೂರು ದಿನಾಂಕ ಇರಲಿ: ಮೊದಲು ಸೇರಿದ್ದು, ಮತ್ತೆ ಸೇರಿದ್ದು, ಲೆಕ್ಕದ್ದು. ಯಾವ ಸೌಲಭ್ಯಕ್ಕೆ ಯಾವುದು ಅಂತ ಹೆಸರು ಹಿಡಿದು ಬರೆಯಿರಿ. ಪ್ರೊಬೇಷನ್ ಮತ್ತು ನೋಟಿಸ್ ಅವಧಿಯೂ ಅಲ್ಲೇ. ಅದೇ ಕೆಲಸಕ್ಕೆ ಬರುತ್ತಿದ್ದರೆ ಪ್ರೊಬೇಷನ್ ಬಿಡಬಹುದು. ಬೇರೆ ಹುದ್ದೆ ಆದರೆ ನಾನು ಇಡುತ್ತೇನೆ.

ಸಾಫ್ಟ್‌ವೇರ್‌ನಲ್ಲಿ ಜೋಪಾನ. ದಿನಾಂಕಕ್ಕೆ ಒಂದೇ ಜಾಗ ಇದ್ದರೆ ಅದರಲ್ಲಿ ಮತ್ತೆ ಸೇರಿದ ದಿನಾಂಕವನ್ನೇ ಹಾಕಿ, ಉಳಿದೆರಡನ್ನು ಷರಾದಲ್ಲಿ ಬರೆಯಿರಿ. ಇಲ್ಲದಿದ್ದರೆ ಪೇರೋಲ್ ತನ್ನಷ್ಟಕ್ಕೆ ಎಲ್ಲದಕ್ಕೂ ಹಳೆಯ ದಿನಾಂಕ ಹಿಡಿದುಬಿಡುತ್ತದೆ. ಅಲ್ಲಿ ಎಲ್ಲ ಸರಿ ಇದ್ದಂತೆ ಕಾಣುತ್ತದೆ, ತಪ್ಪು ಗೊತ್ತಾಗೋದು ಅವರು ಎರಡನೇ ಸಲ ಬಿಡುವಾಗ. ಮೊದಲ ತಿಂಗಳ ಸಂಬಳದ ಚೀಟಿಯಲ್ಲಿ ರಜೆಯ ಬಾಕಿ ನೋಡಿದರೆ ಬೇಗ ಸಿಕ್ಕಿಬೀಳುತ್ತದೆ.

ಪ್ರಶ್ನೆ ಕೇಳಿದವರು: ಎಂಡಿ ಒಪ್ಪಿದರು, ಆ ಸಾಲು ತೆಗೆದೆವು. ಇಡಿಗಂಟಿಗೆ ಒಂದು ವರ್ಷದ ಷರತ್ತು. ಆದರೆ ಹಳೆಯ ಫೈಲ್ ತೆಗೆದಾಗ ಇನ್ನೊಂದು ಸಿಕ್ಕಿತು. ಎರಡು ವರ್ಷದ ಹಿಂದೆ ವಾಪಸ್ ಬಂದ ಒಬ್ಬರಿಗೆ ಹಳೆಯ ಸರ್ವೀಸ್ ಏನೂ ಹಿಡಿದಿಲ್ಲ. ಅವರು ಇನ್ನೂ ಇದ್ದಾರೆ, ಪಕ್ಕದ ಟೀಮಿನಲ್ಲೇ.

ಎಚ್‌ಆರ್ ಹಿರಿಯರು: ಅವರಿಗೂ ಕೊಡಬೇಕು ಅಂತ ನನ್ನ ಅಭಿಪ್ರಾಯ, ಕನಿಷ್ಠ ರಜೆಯ ಮಟ್ಟಿಗೆ. ಈಗ ವಾಪಸ್ ಬರುವ ಮೇಡಂಗೆ ಪತ್ರ ಹೋಗುವ ಮುಂಚೆಯೇ ಅವರನ್ನು ಕರೆದು ಹೇಳಿ.

ಇನ್ನೊಬ್ಬರು: ಹಾಗೆ ಹಿಂದೆ ಹಿಂದೆ ಹೋದರೆ ಎಲ್ಲಿಗೆ ನಿಲ್ಲುತ್ತೆ ಸರ್? ಅವರು ಅವತ್ತಿನ ಷರತ್ತಿಗೆ ಸಹಿ ಹಾಕಿದ್ದಾರಲ್ವಾ?

ಪ್ರಶ್ನೆ ಕೇಳಿದವರು: ಎಂಡಿ ಕೂಡ ಇದೇ ಮಾತು ಹೇಳಿದರು. ಸೋಮವಾರ ಮತ್ತೆ ಕೂರುತ್ತೇವೆ.