ಸಹಾಯ ಬೇಕು: ಮೈಸೂರಿನಲ್ಲಿ ಪೆಲ್ವಿಕ್ ಫ್ಲೋರ್ ಫಿಸಿಯೋಥೆರಪಿಸ್ಟ್ ಯಾರಾದರೂ ಗೊತ್ತಾ?

ನಾನು ಮಂಡ್ಯದವಳು. ಮದುವೆಯಾದಾಗಿನಿಂದ ನಮಗೆ ಸಂಭೋಗ ಸಾಧ್ಯವಾಗಿಲ್ಲ. ಮನಸ್ಸಿದ್ದರೂ ಆ ಹೊತ್ತಿಗೆ ಯೋನಿಯ ಸುತ್ತಲಿನ ಪೆಲ್ವಿಕ್ ಫ್ಲೋರ್ ಸ್ನಾಯುಗಳು ತಾವಾಗಿಯೇ ಬಿಗಿಯಾಗುತ್ತವೆ. ಒಳಗೆ ಗೋಡೆ ಇದ್ದಂತೆ. ಡಾಕ್ಟರ್ ಒಂದು ಬೆರಳಿನಿಂದ ಪರೀಕ್ಷಿಸಲು ಹೋದಾಗಲೂ ತೊಡೆಗಳು ಸೇರಿಕೊಂಡವು.

ಸೋಂಕಿದ್ದರೆ ಸಾಮಾನ್ಯವಾಗಿ ತುರಿಕೆ, ಉರಿ, ವಾಸನೆಯ ಬಿಳಿಸೆರಗು ಇರುತ್ತದೆ. ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ಎಂಡೋಮೆಟ್ರಿಯೋಸಿಸ್‌ನಲ್ಲಿ ಹೆಚ್ಚಾಗಿ ನೋವು ಆಳದಲ್ಲಿ, ಮುಟ್ಟಿನಲ್ಲೂ ಜಾಸ್ತಿ. ನನಗೆ ಅದೇನೂ ಇಲ್ಲ, ವಜೈನಿಸ್ಮಸ್ ಎಂದರು ಡಾಕ್ಟರ್.

ಈಗ ಡೈಲೇಟರ್ ಅಭ್ಯಾಸ ಶುರುಮಾಡಿದ್ದೇನೆ, ಅಂದರೆ ಬೇರೆ ಬೇರೆ ಸೈಜಿನ ನಯವಾದ ಕಡ್ಡಿಯಂಥ ಸಾಧನಗಳನ್ನು ಸಣ್ಣದರಿಂದ ಶುರುಮಾಡಿ ಯೋನಿಯೊಳಗೆ ಇಟ್ಟು ರೂಢಿ ಮಾಡಿಕೊಳ್ಳುವುದು. ಮೊದಲನೆಯದು ಕಿರುಬೆರಳಿನಷ್ಟು ಸಣ್ಣದು. ಜೆಲ್ ಹಚ್ಚಿ, ಹೊಟ್ಟೆ ತುಂಬ ಉಸಿರೆಳೆದು, ಬಿಡುವಾಗ ಮೆಲ್ಲಗೆ ಒಳಗೆ. ಬಿಗಿಯಾದರೆ ಅಲ್ಲೇ ನಿಲ್ಲಿಸಿ ಕಾಯಬೇಕು. ತಳ್ಳಿದರೆ ನೋವಾಗಿ ಮುಂದಿನ ಸಲ ಇನ್ನೂ ಬೇಗ ಬಿಗಿಯುತ್ತದೆ. ಅದಕ್ಕೇ "ಸಹಿಸಿಕೊಂಡರೆ ಸರಿಹೋಗುತ್ತೆ" ಅನ್ನುವ ಮಾತು ತಪ್ಪು. ಆರಾಮ ಅನ್ನಿಸಿದ ಮೇಲೆಯೇ ಮುಂದಿನ ಸೈಜ್. ನಮ್ಮ ಯಜಮಾನರೂ ಆತುರಪಡುತ್ತಿಲ್ಲ.

ಎರಡನೇ ಸೈಜ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಸ್ನಾಯು ಸಡಿಲಿಸುವುದನ್ನು ಪಕ್ಕದಲ್ಲಿದ್ದು ಹೇಳಿಕೊಡುವ ಮಹಿಳಾ ಫಿಸಿಯೋಥೆರಪಿಸ್ಟ್ ಮೈಸೂರಿನಲ್ಲಿ ಇದ್ದಾರಾ? ಈ ಹಂತ ದಾಟಿದ ಅಕ್ಕಂದಿರು ಇದ್ದರೆ, ಏನು ಮಾಡಿದಿರಿ ಅಂತ ತಿಳಿಸಿ. ಇನ್‌ಬಾಕ್ಸ್‌ಗೆ ಬರೆದರೂ ಸರಿ.