ಕ್ವಾರ್ಟರ್ ಪ್ಯಾನೆಲ್‌ನಲ್ಲಿ 430 ಮೈಕ್ರಾನ್, ಒಳಗೆ ಹೊಸ ಕಾರ್ಪೆಟ್: ಈ ಕಾರಿಗೆ ಏನಾಗಿರಬಹುದು?

ಕೇಳಿದವರು: ಆರು ವರ್ಷ ಹಳೆಯ ಸೆಡಾನ್ ಒಂದನ್ನು ನೋಡಿ ಬಂದಿದ್ದೇನೆ. ಬಣ್ಣದ ದಪ್ಪ ಅಳೆಯುವ ಮೀಟರ್ ಛಾವಣಿಯಲ್ಲಿ 110, ಎಡಬದಿಯ ಬಾಗಿಲುಗಳಲ್ಲಿ 120ರ ಆಸುಪಾಸು, ಬಲಬದಿಯ ಹಿಂಬಾಗಿಲಿನಲ್ಲಿ 240, ಅದರ ಹಿಂದಿನ ಕ್ವಾರ್ಟರ್ ಪ್ಯಾನೆಲ್‌ನಲ್ಲಿ 430 ಮೈಕ್ರಾನ್ ತೋರಿಸಿತು. ಗೀರು ಬಿದ್ದದ್ದಕ್ಕೆ ಬಣ್ಣ ಹೊಡೆಸಿದ್ದೇವೆ ಎನ್ನುತ್ತಾರೆ ಮಾರುವವರು. ಒಳಗಿನ ಕಾರ್ಪೆಟ್ ಹೊಸದು. ಅನುಭವವಿದ್ದವರು ತಿಳಿಸಿ.

ಹಳೆಯ ಕಾರುಗಳನ್ನು ಕೊಂಡು ಮಾರುವವರು: 200 ಮೈಕ್ರಾನ್ ದಾಟಿದ ಕಾರನ್ನು ನಾನು ಅಪಘಾತದ ಕಾರೆಂದೇ ಲೆಕ್ಕಕ್ಕೆ ಹಿಡಿಯುತ್ತೇನೆ. ಛಾವಣಿಯ ಅಳತೆಗೆ ಉಳಿದ ಭಾಗಗಳೆಲ್ಲ ಹತ್ತಿರವಿದ್ದರೆ ಕಾರು ಸ್ವಚ್ಛವೆಂದು ತಿಳಿಯಬಹುದು.

ಟಿಂಕರಿಂಗ್ ಮತ್ತು ಪೇಂಟಿಂಗ್ ಕೆಲಸದವರು: ಮೇಲಿನ ಎರಡು ಮಾತುಗಳೂ ಅರ್ಧ ಮಾತ್ರ ಸರಿ. ಪಕ್ಕದ ಪ್ಯಾನೆಲ್‌ಗೆ ಬಣ್ಣ ಹೊಡೆದಾಗ ಛಾಯೆ ಹೊಂದಲೆಂದು ಬಾಗಿಲಿಗೂ ಹೊಡೆಯುವುದು ವಾಡಿಕೆಯಾದ್ದರಿಂದ, 240 ಎಂಬುದು ಹಳೆಯ ಬಣ್ಣದ ಮೇಲೆ ಬಿದ್ದ ಇನ್ನೊಂದು ಬಣ್ಣವಷ್ಟೇ ಆಗಿರಬಹುದು. ಇನ್ನು, ಬಾಗಿಲನ್ನೇ ಬದಲಾಯಿಸಿ ಒಂದೇ ಸಲ ಬಣ್ಣ ಹೊಡೆದಿದ್ದರೆ ಮೀಟರ್ ಕಾರ್ಖಾನೆಯ ಬಣ್ಣದಷ್ಟೇ ತೋರಿಸಬಹುದು. ಅಲ್ಲಿ ಮೀಟರಿಗಿಂತ ಕೀಲುಗಳ ಬೋಲ್ಟ್ ತಲೆಗಳು ಹೆಚ್ಚು ಹೇಳುತ್ತವೆ, ಏಕೆಂದರೆ ಸ್ಪ್ಯಾನರ್ ತಾಗಿದ ಮೂಲೆಯಲ್ಲಿ ಬಣ್ಣ ಎದ್ದಿರುತ್ತದೆ.

ನಿಮ್ಮ ಕಾರಿನಲ್ಲಿ ನೋಡಬೇಕಾದದ್ದು ಕ್ವಾರ್ಟರ್ ಪ್ಯಾನೆಲ್. ಒಂದೇ ಕಡೆ ಅಳೆಯದೆ, ನಾಲ್ಕು ಬೆರಳಿನ ಅಂತರಕ್ಕೊಮ್ಮೆ ಮೀಟರ್ ಇಡುತ್ತ ಹೋಗಿ. ಎಲ್ಲ ಕಡೆಯೂ 430ರ ಹತ್ತಿರವೇ ಇದ್ದರೆ ಒಂದಕ್ಕಿಂತ ಹೆಚ್ಚು ಸಲ ಬಣ್ಣ ಬಿದ್ದಿರಬಹುದು; ಒಂದೆಡೆ 200, ಪಕ್ಕದಲ್ಲೇ 700 ಬಂದರೆ ತಗ್ಗಿಗೆ ಪುಟ್ಟಿ ತುಂಬಿದ್ದಾರೆ. ಇದು ಬೋಲ್ಟ್ ಬಿಚ್ಚಿ ತೆಗೆಯುವ ಭಾಗವಲ್ಲ, ದೇಹಕ್ಕೆ ವೆಲ್ಡ್ ಆಗಿರುವ ಭಾಗ. ಆದ್ದರಿಂದ ಡಿಕ್ಕಿಯ ಹಾಸನ್ನೂ ಸ್ಟೆಪ್ನಿಯನ್ನೂ ಎತ್ತಿ ಅಂಚುಗಳನ್ನು ನೋಡಿ. ಕಾರ್ಖಾನೆಯ ಸ್ಪಾಟ್ ವೆಲ್ಡಿಂಗ್ ಗುಂಡನೆಯ ಗುಳಿಗಳಾಗಿ ಬಹುಮಟ್ಟಿಗೆ ಸಮ ಅಂತರದಲ್ಲಿರುತ್ತದೆ. ಅದು ಕಾಣದೆ ಗ್ರೈಂಡರ್‌ನ ಗೆರೆ, ಎಡಬದಿಗಿಂತ ಬೇರೆ ರೀತಿಯ ಸೀಲಂಟ್ ಅಥವಾ ತಗಡಿನ ಸುಕ್ಕು ಕಂಡರೆ ಪೆಟ್ಟು ಹೊರಗಿನ ತಗಡಿಗೆ ನಿಂತಿಲ್ಲ.

ಬಾಗಿಲಿನ ಸಂದು ಎಷ್ಟು ಮಿಲಿಮೀಟರ್ ಎಂಬುದಕ್ಕಿಂತ ಅದು ಮೇಲಿನಿಂದ ಕೆಳಗೆ ಒಂದೇ ಅಗಲದಲ್ಲಿದೆಯೇ, ಎಡಬದಿಯ ಸಂದಿಗೆ ಹೊಂದುತ್ತದೆಯೇ ಎಂಬುದು ಮುಖ್ಯ.

ಮೀಟರ್ ಹೊಸದಾಗಿ ಕೊಂಡವರು: ನನ್ನ ಮೀಟರ್ ಬಂಪರ್ ಮೇಲೆ ಏನನ್ನೂ ತೋರಿಸುವುದಿಲ್ಲ. ಬಂಪರ್ ತುಂಬ ಪುಟ್ಟಿ ಇದೆ ಎಂದು ಅರ್ಥವೇ?

ಟಿಂಕರಿಂಗ್ ಮತ್ತು ಪೇಂಟಿಂಗ್ ಕೆಲಸದವರು: ಅಲ್ಲ, ಬಂಪರ್ ಪ್ಲಾಸ್ಟಿಕ್‌ನದು. ಬಣ್ಣದ ಕೆಳಗೆ ಲೋಹವಿದ್ದರೆ ಮಾತ್ರ ಈ ಮೀಟರ್ ಅಳೆಯುತ್ತದೆ.

ನೆರೆನೀರು ಕಂಡ ಕಾರಿನ ಅನುಭವ ಇರುವವರು: ನಮ್ಮ ಅಣ್ಣ ಕೊಂಡ ಕಾರಿನಲ್ಲಿ ಬಣ್ಣದ ದಪ್ಪವೂ ಸಂದುಗಳೂ ಕಾರ್ಖಾನೆಯಿಂದ ಬಂದಂತೆಯೇ ಇದ್ದವು, ಏಕೆಂದರೆ ನೀರು ತಗಡನ್ನು ಬಗ್ಗಿಸುವುದಿಲ್ಲ. ಕೆಲವು ತಿಂಗಳ ಮೇಲೆ ಕಿಟಕಿಯ ಗಾಜು ಒಮ್ಮೆ ಇಳಿದರೆ ಇನ್ನೊಮ್ಮೆ ಇಳಿಯದಾಯಿತು, ಏರ್‌ಬ್ಯಾಗ್ ದೀಪವೂ ಹತ್ತಿಕೊಂಡಿತು. ಸೀಟಿನ ಕೆಳಗಿನ ಕನೆಕ್ಟರ್ ಬಿಚ್ಚಿದಾಗ ಪಿನ್ನುಗಳ ಮೇಲೆ ಹಸಿರು ಪುಡಿ ಕಟ್ಟಿತ್ತು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದರೆ ಕೆಸರಿನ ಕಲೆ ಕಾಣಬಹುದು. ಸೀಟಿನಡಿಯ ಸ್ಪ್ರಿಂಗ್‌ಗಳಲ್ಲಿಯೂ ಡ್ಯಾಶ್‌ಬೋರ್ಡಿನ ಕೆಳಗಿನ ಬಣ್ಣವಿಲ್ಲದ ಸ್ಕ್ರೂಗಳಲ್ಲಿಯೂ ತುಕ್ಕನ್ನು ಹುಡುಕಿ. ಬ್ರೇಕ್ ಡಿಸ್ಕಿನ ತೆಳು ತುಕ್ಕು ಒಂದು ಮಳೆಗೂ ಬರುತ್ತದೆ, ಅದನ್ನು ಲೆಕ್ಕಿಸಬೇಡಿ.

ಆಟೋ ಎಲೆಕ್ಟ್ರಿಷಿಯನ್: ಕೀ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಕೆಲವು ಕ್ಷಣ ಹೊತ್ತಿ ಆರಬೇಕು. ಹೊತ್ತದೆಯೇ ಇದ್ದರೆ ದೀಪವನ್ನು ಯಾರೋ ಮುಚ್ಚಿಸಿರುವ ಅನುಮಾನಪಡಿ. ಸ್ಕ್ಯಾನರಿನಲ್ಲಿ ದೋಷದ ಕೋಡ್ ಇಲ್ಲವೆಂದು ಸಮಾಧಾನಪಡದೆ, ಕೋಡ್ ಅಳಿಸಿದ ಮೇಲೆ ಕಾರು ಎಷ್ಟು ದೂರ ಓಡಿದೆ ಎಂಬುದನ್ನೂ ನೋಡಿ. ಅದು ಹತ್ತಿಪ್ಪತ್ತು ಕಿಲೋಮೀಟರ್ ಇದ್ದರೆ ನಿಮಗೆ ತೋರಿಸುವ ಮುಂಚೆ ಅಳಿಸಿರುವ ಸಾಧ್ಯತೆ ಹೆಚ್ಚು, ಆದರೆ ಬ್ಯಾಟರಿ ಬಿಚ್ಚಿದರೂ ಹಾಗಾಗಬಹುದು.

ಕೇಳಿದವರು: ಮತ್ತೆ ಹೋಗಿ ನೋಡಿದೆ. ಬಲಬದಿಯ ಸಂದು ಮೇಲೆ 4, ಕೆಳಗೆ 6 ಮಿಲಿಮೀಟರ್ ಇದೆ. ಎಡಬದಿಯಲ್ಲಿ ಉದ್ದಕ್ಕೂ 4. ಪ್ಯಾನೆಲ್ ಅಳತೆ 210ರಿಂದ 760ರವರೆಗೆ ಏರಿಳಿಯಿತು. ಡಿಕ್ಕಿಯ ಬಲ ಅಂಚಿನಲ್ಲಿ ಸೀಲಂಟ್ ಹೊಸದು. ಬೆಲ್ಟುಗಳು ಸ್ವಚ್ಛವಾಗಿವೆ, ಸ್ಪ್ರಿಂಗ್‌ಗಳಲ್ಲಿ ತುಕ್ಕಿಲ್ಲ, ಏರ್‌ಬ್ಯಾಗ್ ದೀಪ ಸರಿಯಾಗಿದೆ. ಕಾರ್ಪೆಟ್ ಎತ್ತಲು ಅವರು ಬಿಡಲಿಲ್ಲ.

ಟಿಂಕರಿಂಗ್ ಮತ್ತು ಪೇಂಟಿಂಗ್ ಕೆಲಸದವರು: ಗೀರಿನ ಕಥೆಯನ್ನು ಬಿಡಿ, ಹಿಂಬದಿಗೆ ಗಟ್ಟಿಯಾದ ಪೆಟ್ಟೇ ಬಿದ್ದಿದೆ. ನೆರೆಯ ಗುರುತುಗಳು ಕಡಿಮೆ ಇರುವುದರಿಂದ, ಸೀಲಂಟ್ ಸರಿಯಾಗಿ ಕೂರದೆ ಮಳೆನೀರು ಒಳಗೆ ಇಳಿದು ಕಾರ್ಪೆಟ್ ಹಾಳಾಗಿರಬಹುದು ಎಂದು ನನ್ನ ಊಹೆ. ಹಾಗಿದ್ದರೆ ಡಿಕ್ಕಿ ಮತ್ತು ಹಿಂಸೀಟಿನ ಕೆಳಗೆ ಮಾತ್ರ ತೇವದ ಗುರುತು ಇರಬೇಕು. ಮುಂದಿನ ಬಾಗಿಲಿನ ಹೊಸ್ತಿಲ ಪಟ್ಟಿಯನ್ನಾದರೂ ಸರಿಸಲು ಒಪ್ಪಿಸಿ, ಕಾರ್ಪೆಟ್ ಅಡಿಯ ಫೋಮನ್ನು ಒತ್ತಿ ನೋಡಿ.

ಹಳೆಯ ಕಾರುಗಳನ್ನು ಕೊಂಡು ಮಾರುವವರು: ನನಗೆ ಆ ಊಹೆ ಒಪ್ಪಿಗೆಯಿಲ್ಲ. ಬೆಲ್ಟು, ಸೀಟುಗಳನ್ನೂ ಬದಲಾಯಿಸಿ ಮಾರಿದ ನೆರೆಯ ಕಾರುಗಳನ್ನು ಕಂಡಿದ್ದೇನೆ. ಬೆಲ್ಟಿನ ಬುಡದ ಚೀಟಿಯಲ್ಲಿ ತಯಾರಿಕೆಯ ದಿನಾಂಕವಿದ್ದರೆ ಅದು ಕಾರಿನ ವರ್ಷಕ್ಕೆ ಹೊಂದುತ್ತದೆಯೇ ಎಂದು ಮೊದಲು ನೋಡಿ ತಿಳಿಸಿ.